ಹನಿ ಎಣಿಸುವ ಮೊದಲು ಪ್ಯಾಕೆಟ್ ಓದಿ

ನರ್ಸಿಂಗ್ ಪರೀಕ್ಷೆಗೆ ಕೂರುವವರಿಗೆಲ್ಲ ಪರಿಚಯವಿರುವ ಒಂದು ಪ್ರಶ್ನೆ ಇದೆ. ವೈದ್ಯರು 500 ಮಿ.ಲೀ. ಆರ್‌ಎಲ್ ದ್ರಾವಣವನ್ನು 6 ಗಂಟೆಯಲ್ಲಿ ಕೊಡಿ ಎಂದು ಬರೆದಿದ್ದಾರೆ. ಕೈಯಲ್ಲಿರುವ ಐವಿ ಸೆಟ್‌ನಲ್ಲಿ 20 ಹನಿ ಬಿದ್ದರೆ 1 ಮಿ.ಲೀ. ಆಗುತ್ತದೆ. ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? ಕೆಳಗೆ ನಾಲ್ಕು ಉತ್ತರಗಳಿರುತ್ತವೆ: 21, 28, 83, 1667.

ಸರಿಯಾದದ್ದು 28. ಒಟ್ಟು ಮಿ.ಲೀ.ಯನ್ನು ಸೆಟ್‌ನ ಹನಿ ಸಂಖ್ಯೆಯಿಂದ ಗುಣಿಸಿ, ಒಟ್ಟು ನಿಮಿಷಗಳಿಂದ ಭಾಗಿಸಬೇಕು. 500ನ್ನು 20ರಿಂದ ಗುಣಿಸಿದರೆ 10,000 ಹನಿ. 6 ಗಂಟೆ ಎಂದರೆ 360 ನಿಮಿಷ. ಭಾಗಿಸಿದರೆ 27.8 ಬರುತ್ತದೆ. ಅರ್ಧ ಹನಿ, ಮುಕ್ಕಾಲು ಹನಿ ಎಂಬುದು ಇಲ್ಲವಾದ್ದರಿಂದ 28 ಎಂದು ಬರೆಯುತ್ತೇವೆ. ಐದನೇ ತರಗತಿಯ ಗುಣಾಕಾರ, ಭಾಗಾಕಾರಕ್ಕಿಂತ ಹೆಚ್ಚಿನದೇನೂ ಇದರಲ್ಲಿಲ್ಲ. ಆದರೆ ಈ ವಾರ ನಾನು ಬರೆಯಲು ಹೊರಟಿರುವುದು ಉಳಿದ ಮೂರು ಉತ್ತರಗಳ ಬಗ್ಗೆ. ಏಕೆಂದರೆ ಆ ಮೂರನ್ನೂ ಪ್ರಶ್ನೆ ತೆಗೆಯುವವರು ಸುಮ್ಮನೆ ತುಂಬಿಸಿಲ್ಲ. ಒಂದೊಂದರ ಹಿಂದೆಯೂ ಒಂದೊಂದು ತಪ್ಪು ಓದು ಇದೆ.

1667 ಎಂದು ಬರೆದ ಹುಡುಗಿ ಗಂಟೆಯನ್ನು ನಿಮಿಷ ಮಾಡಲು ಮರೆತಿದ್ದಾಳೆ. 10,000ವನ್ನು 6ರಿಂದಲೇ ಭಾಗಿಸಿದ್ದಾಳೆ. ನಿಮಿಷಕ್ಕೆ 1667 ಹನಿ ಎಂದರೆ ಸೆಕೆಂಡಿಗೆ ಸುಮಾರು 28. ಅದು ಹನಿಯಾಗಿ ಉಳಿಯುವುದಿಲ್ಲ, ಧಾರೆಯಾಗುತ್ತದೆ. 6 ಗಂಟೆ ಹೋಗಬೇಕಾದ ಬಾಟ್ಲಿ 6 ನಿಮಿಷದಲ್ಲಿ ಖಾಲಿ. 83 ಎಂದು ಬರೆದವಳು 500ನ್ನು 6ರಿಂದ ಭಾಗಿಸಿ ಅಲ್ಲಿಗೇ ನಿಲ್ಲಿಸಿದ್ದಾಳೆ. ಅದು ಗಂಟೆಗೆ ಹೋಗಬೇಕಾದ ಮಿ.ಲೀ., ನಿಮಿಷಕ್ಕೆ ಬೀಳಬೇಕಾದ ಹನಿಯಲ್ಲ. ಈ ಸೆಟ್‌ನಲ್ಲಿ 83 ಹನಿ ಬಿಟ್ಟರೆ ಬಾಟ್ಲಿ ಸರಿಯಾಗಿ 2 ಗಂಟೆಗೆ ಮುಗಿಯುತ್ತದೆ. ಭೇದಿಯಾಗಿ ಬಳಲಿ ಬಂದ ಗಟ್ಟಿಮುಟ್ಟಾದ ಯುವಕ ಅದನ್ನು ತಡೆದುಕೊಳ್ಳಬಹುದು. ಹೃದಯ ಸೋತ ಅಜ್ಜಿಗೆ ಅದೇ ನೀರು ಶ್ವಾಸಕೋಶದಲ್ಲಿ ತುಂಬಿಕೊಂಡು ಉಸಿರು ಕಟ್ಟಬಹುದು.

ಇನ್ನು 21. ಈ ಉತ್ತರ ಬರೆದವಳು ಗಂಟೆಯನ್ನು ನಿಮಿಷ ಮಾಡಿದ್ದಾಳೆ, ಗುಣಿಸಿದ್ದಾಳೆ, ಭಾಗಿಸಿದ್ದಾಳೆ, ಎಲ್ಲವೂ ಸರಿ. ಆದರೆ 20ರ ಬದಲು 15ರಿಂದ ಗುಣಿಸಿದ್ದಾಳೆ. ಪ್ರಶ್ನೆಯಲ್ಲಿ 20 ಎಂದು ಕಣ್ಣೆದುರೇ ಇದ್ದರೂ ಕೈ 15ಕ್ಕೆ ಹೋಗಿದೆ. ಮೂರರಲ್ಲಿ ನನಗೆ ಹೆಚ್ಚು ಕಳವಳ ತರುವುದು ಇದೇ. 1667ನ್ನು ನೋಡಿದವರು ಯಾರಾದರೂ ಬೆಚ್ಚುತ್ತಾರೆ. 21ನ್ನು ನೋಡಿ ಬೆಚ್ಚುವವರು ಯಾರೂ ಇಲ್ಲ.

ಸಂಜೆ ಹೊತ್ತು ಲೆಕ್ಕ ಹೇಳಿಸಿಕೊಳ್ಳಲು ನಮ್ಮ ಮನೆಗೆ ನರ್ಸಿಂಗ್ ಓದುವ ಮಕ್ಕಳು ಬರುತ್ತಾರೆ. ರಾಮನಗರದವರಿದ್ದಾರೆ, ಚನ್ನಪಟ್ಟಣದಿಂದ ರೈಲಿಗೆ ಬರುವವರಿದ್ದಾರೆ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಂದ ಬಂದು ಹಾಸ್ಟೆಲ್‌ನಲ್ಲಿರುವವರಿದ್ದಾರೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವರು ಅವರಲ್ಲಿ ಬಹಳ. ಅವರ ಬಾಯಲ್ಲಿ ಮಗ್ಗಿ ಚೆನ್ನಾಗಿದೆ. ಸೂತ್ರವೂ ಬಾಯಿಪಾಠ. ಎಡವುವುದು ಲೆಕ್ಕ ಶುರುವಾಗುವುದಕ್ಕೆ ಮೊದಲು, ಆರ್ಡರ್ ಓದುವಾಗ. ಕೊಟ್ಟಿರುವುದು ಯಾವುದು, ಕೇಳಿರುವುದು ಯಾವುದು, ಬರೆಯದೆ ಬಿಟ್ಟಿರುವುದು ಯಾವುದು ಎಂದು ಬೇರ್ಪಡಿಸುವ ಜಾಗದಲ್ಲಿ. ಮೊನ್ನೆ ಒಬ್ಬಳು ಕೇಳಿದಳು, “ಸಾರ್, ಹದಿನೈದು ಹಾಕಬೇಕೋ ಇಪ್ಪತ್ತು ಹಾಕಬೇಕೋ? ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ.” ಅವಳು ಕೇಳಿದ್ದು ಸರಿಯಾದ ಪ್ರಶ್ನೆ. “ಪುಸ್ತಕದಲ್ಲಿ ಹುಡುಕಬೇಡಮ್ಮ, ಸೆಟ್ ಬಿಚ್ಚುವ ಮೊದಲು ಅದರ ಪ್ಯಾಕೆಟ್ ಮೇಲೆ ನೋಡು” ಎಂದೆ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹನಿಯ ಗಾತ್ರವನ್ನು ಮುಖ್ಯವಾಗಿ ನಿರ್ಧರಿಸುವುದು ಔಷಧಿಯೂ ಅಲ್ಲ, ರೋಗಿಯೂ ಅಲ್ಲ. ಐವಿ ಸೆಟ್‌ನ ಪಾರದರ್ಶಕ ಚೇಂಬರ್‌ನೊಳಗೆ ಮೇಲಿಂದ ಇಳಿಬಿಟ್ಟಿರುವ ಸಣ್ಣ ಕೊಳವೆಯ ಬಾಯಿ. ಬಾಯಿ ದಪ್ಪಗಿದ್ದರೆ ಹನಿ ದೊಡ್ಡದು, 10 ಅಥವಾ 15 ಹನಿಗೇ 1 ಮಿ.ಲೀ. ತುಂಬುತ್ತದೆ. ಬಾಯಿ ಸಣ್ಣದಾದರೆ ಹನಿಯೂ ಸಣ್ಣದು. ಮಕ್ಕಳಿಗೆ, ಎಚ್ಚರದಿಂದ ಕೊಡಬೇಕಾದ ಔಷಧಿಗಳಿಗೆ ಬಳಸುವ ಮೈಕ್ರೋ ಡ್ರಿಪ್ ಸೆಟ್‌ನಲ್ಲಿ ಸೂಜಿಯಂಥ ಲೋಹದ ನಳಿಕೆ ಇರುತ್ತದೆ. ಅಲ್ಲಿ 60 ಹನಿಗೆ 1 ಮಿ.ಲೀ. ಅಮೆರಿಕದ ನರ್ಸಿಂಗ್ ಪುಸ್ತಕಗಳಲ್ಲಿ 10, 15, 20 ಮೂರೂ ಬರುತ್ತವೆ, ಉದಾಹರಣೆಗಳಲ್ಲಿ 15ರದ್ದೇ ದೊಡ್ಡ ಪಾಲು. ಐವಿ ಸೆಟ್‌ಗಳ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಬೇರೆ: ಮಾಮೂಲಿ ಸೆಟ್‌ನಲ್ಲಿ ಶುದ್ಧ ನೀರಿನ 20 ಹನಿ 1 ಮಿ.ಲೀ. ಆಗಬೇಕು, ಹತ್ತರಲ್ಲಿ ಒಂದು ಪಾಲು ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ನಮ್ಮ ಆಸ್ಪತ್ರೆಗಳಿಗೆ ಬರುವ ದೊಡ್ಡವರ ಸೆಟ್‌ಗಳ ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಕಾಣುವುದೂ 20 ಹನಿ ಎಂಬುದೇ. ಹುಡುಗಿಯರು ಓದುವ ಪುಸ್ತಕ ಒಂದು ಲೋಕದ್ದು, ಕೈಗೆ ಬರುವ ಸೆಟ್ ಇನ್ನೊಂದು ಲೋಕದ್ದು. ನಡುವೆ ಸಿಕ್ಕಿಕೊಳ್ಳುವವರು ರೋಗಿಗಳು.

ಸಿಕ್ಕಿಕೊಂಡರೆ ಆಗುವುದೇನು ಎಂದು ಲೆಕ್ಕ ಹಾಕಿಯೇ ನೋಡೋಣ. 15 ಎಂದು ತಿಳಿದು 21 ಹನಿ ಬಿಟ್ಟಳು, ಸೆಟ್ ಇದ್ದದ್ದು 20ರದ್ದು. ಆಗ 6 ಗಂಟೆಗೆ ಮುಗಿಯಬೇಕಾದ ಬಾಟ್ಲಿ ಮುಗಿಯಲು ಹೆಚ್ಚುಕಡಿಮೆ 8 ಗಂಟೆ ಹಿಡಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, 20 ಎಂದು ತಿಳಿದು 28 ಹನಿ ಬಿಟ್ಟಳು, ಸೆಟ್ 15ರದ್ದಾಗಿತ್ತು. ಆಗ ನಾಲ್ಕೂವರೆ ಗಂಟೆಗೆ ಎರಡು ನಿಮಿಷ ಮೊದಲೇ ಬಾಟ್ಲಿ ಖಾಲಿ. ಎರಡು ಸಂದರ್ಭದಲ್ಲೂ ಸೂತ್ರ ಸರಿಯಾಗಿತ್ತು, ಗುಣಾಕಾರ ಸರಿಯಾಗಿತ್ತು, ಪರೀಕ್ಷೆಯಲ್ಲಿ ಹಂತಕ್ಕೆ ಕೊಡುವ ಅಂಕವೂ ಬರುತ್ತಿತ್ತು.

ಪ್ರಶ್ನೆಪತ್ರಿಕೆ ದ್ರಾವಣವನ್ನು ಮಿ.ಲೀ. ಲೆಕ್ಕದಲ್ಲಿ ಕೊಡುತ್ತದೆ. ವಾರ್ಡ್‌ನಲ್ಲಿ ಹಾಗಲ್ಲ. ಊರಿನ ಜನ ಯಾವ ದ್ರಾವಣವಿದ್ದರೂ ಗ್ಲೂಕೋಸ್ ಹಾಕಿದರು ಎನ್ನುತ್ತಾರೆ. ಡಾಕ್ಟರು ಮತ್ತು ಸಿಸ್ಟರ್‌ಗಳು ಪೈಂಟ್ ಎನ್ನುತ್ತಾರೆ. ಕೇಸ್ ಶೀಟ್‌ನಲ್ಲಿ ಕಾಣುವ ಆರ್ಡರ್ ಹೀಗಿರುತ್ತದೆ: ಡಿಎನ್‌ಎಸ್ 2 ಪೈಂಟ್, ಆರ್‌ಎಲ್ 1 ಪೈಂಟ್, 24 ಗಂಟೆಯಲ್ಲಿ. ಇಲ್ಲಿ ಪೈಂಟ್ ಎಂದರೆ 500 ಮಿ.ಲೀ.ಯ ಒಂದು ಬಾಟ್ಲಿ. ಬ್ರಿಟಿಷರ ಅಳತೆಯ ಪೈಂಟ್ 568 ಮಿ.ಲೀ., ಅಮೆರಿಕದವರದ್ದು 473. ಅಳತೆಗಳ ಪರಿವರ್ತನೆಯ ಕೋಷ್ಟಕವನ್ನು ಬಾಯಿಪಾಠ ಮಾಡಿದ ಹುಡುಗಿ ಮೊದಲ ಬಾರಿ ವಾರ್ಡ್‌ಗೆ ಹೋದಾಗ ಇದನ್ನು ಯಾರಾದರೂ ಹೇಳಬೇಕು. ಇಲ್ಲವಾದರೆ ಬಾಟ್ಲಿಯ ಮೇಲೆ ಬರೆದದ್ದನ್ನು ಓದಿಕೊಳ್ಳಬೇಕು. ಕೆಲವು ದ್ರಾವಣ 1000 ಮಿ.ಲೀ. ಬಾಟ್ಲಿಯಲ್ಲೂ, 100 ಮಿ.ಲೀ. ಬಾಟ್ಲಿಯಲ್ಲೂ ಬರುತ್ತದೆ.

ಈ ಆರ್ಡರನ್ನೇ ಕೊನೆಯವರೆಗೆ ಮಾಡೋಣ. ಮೂರು ಬಾಟ್ಲಿ, 1500 ಮಿ.ಲೀ. 24 ಗಂಟೆಯಿಂದ ಭಾಗಿಸಿದರೆ ಗಂಟೆಗೆ 62.5 ಮಿ.ಲೀ. ಇಲ್ಲಿಂದ ಹನಿಗೆ ಬರಲು ದೊಡ್ಡ ಸೂತ್ರ ಬೇಡ. ಸೆಟ್ 20ರದ್ದಾದರೆ 3ರಿಂದ ಭಾಗಿಸಿ. 15ರದ್ದಾದರೆ 4ರಿಂದ. ಮೈಕ್ರೋ ಸೆಟ್ ಆದರೆ ಭಾಗಿಸುವುದೇ ಬೇಡ, ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. ಇದು ಉರು ಹೊಡೆಯಬೇಕಾದ ಮಾಟವಲ್ಲ. ಗಂಟೆಗೆ 60 ನಿಮಿಷ. ಆ 60ನ್ನು ಸೆಟ್‌ನ ಹನಿ ಸಂಖ್ಯೆಯಿಂದ ಭಾಗಿಸಿದರೆ 3, 4, 1 ತಾವಾಗಿ ಬರುತ್ತವೆ. ಕಾರಣ ತಿಳಿದ ಮಕ್ಕಳು ಪರೀಕ್ಷೆಯ ಗಾಬರಿಯಲ್ಲೂ ಇದನ್ನು ಮರೆಯುವುದಿಲ್ಲ. ಮರೆತರೂ ಮತ್ತೆ ಕಂಡುಕೊಳ್ಳುತ್ತಾರೆ. ನಮ್ಮ ಆರ್ಡರ್‌ನಲ್ಲಿ 62.5ನ್ನು 3ರಿಂದ ಭಾಗಿಸಿದರೆ 20.8, ಅಂದರೆ 21 ಹನಿ. ಮೇಲಿನ ಪ್ರಶ್ನೆಯಲ್ಲಿ ತಪ್ಪಾಗಿದ್ದ 21 ಇಲ್ಲಿ ಸರಿ. ಸಂಖ್ಯೆಯನ್ನು ನೋಡಿ ಸರಿತಪ್ಪು ಹೇಳಲಾಗದು ಎನ್ನುವುದಕ್ಕೇ ಈ ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟೆ.

ಪರೀಕ್ಷೆಯ ಹಾಳೆಯಲ್ಲಿ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಮಂಚದ ಪಕ್ಕದಲ್ಲಿ ಮುಗಿಯುವುದಿಲ್ಲ. ಐಸಿಯುನಲ್ಲಿ ಇನ್‌ಫ್ಯೂಷನ್ ಪಂಪ್ ಇರುತ್ತದೆ. ಗಂಟೆಗೆ ಇಷ್ಟು ಮಿ.ಲೀ. ಎಂದು ಒತ್ತಿದರೆ ಅದೇ ತಳ್ಳುತ್ತದೆ. ಜನರಲ್ ವಾರ್ಡ್‌ನಲ್ಲಿ, ಊರಿಂದ ಬೆಂಗಳೂರಿಗೆ ರೋಗಿಯನ್ನು ಸಾಗಿಸುವ ವಾಹನದಲ್ಲಿ, ಇರುವುದು ಪ್ಲಾಸ್ಟಿಕ್ ರೋಲರ್ ಮತ್ತು ಕೈಗಡಿಯಾರ. 21 ಹನಿ ಎಂದರೆ ಸುಮಾರು ಮೂರು ಸೆಕೆಂಡಿಗೆ ಒಂದು ಹನಿ. ಅವಸರದಲ್ಲಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಹಲವರಿಗಿದೆ. ನಿಧಾನದ ಡ್ರಿಪ್‌ಗೆ ಅದು ಸಾಲದು. 15 ಸೆಕೆಂಡಿನಲ್ಲಿ 5 ಹನಿ ಕಂಡರೆ 20 ಎನ್ನುತ್ತೀರಿ, 6 ಕಂಡರೆ 24 ಎನ್ನುತ್ತೀರಿ. ನಡುವಿನ 21 ಕೈಗೆ ಸಿಗುವುದೇ ಇಲ್ಲ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಹನಿ ಕೂಡ ಹಟಮಾರಿ. ರೋಗಿ ಕೈ ಮಡಚಿದರೆ ನಿಲ್ಲುತ್ತದೆ, ಸ್ಟ್ಯಾಂಡ್ ಎತ್ತರಿಸಿದರೆ ಓಡುತ್ತದೆ, ದ್ರಾವಣ ಮಂದವಾದರೆ ಗಾತ್ರ ಬದಲಾಗುತ್ತದೆ. ಹಾಗಾಗಿ ಸೂತ್ರದಿಂದ ಬಂದ ಸಂಖ್ಯೆ ಆರಂಭಕ್ಕೆ ಮಾತ್ರ. ಅದು ಉಳಿದಿದೆಯೇ ಎಂದು ತಿಳಿಯಲು ಬಾಟ್ಲಿಯನ್ನೇ ನೋಡಬೇಕು.

ಅದಕ್ಕೆ ಹಳೆಯ ಸಿಸ್ಟರ್‌ಗಳು ಮಾಡುವ ಕೆಲಸ ಬಹಳ ಸರಳ. ಬಾಟ್ಲಿಯ ಅಳತೆ ಗೆರೆಗಳ ಪಕ್ಕ ಉದ್ದಕ್ಕೆ ಒಂದು ಪ್ಲಾಸ್ಟರ್ ಪಟ್ಟಿ ಅಂಟಿಸಿ ಅದರ ಮೇಲೆ ಸಮಯ ಬರೆಯುತ್ತಾರೆ. ನಮ್ಮ ಆರ್ಡರ್‌ನಲ್ಲಿ ಒಂದು ಬಾಟ್ಲಿಗೆ 8 ಗಂಟೆ. ಬೆಳಿಗ್ಗೆ 8ಕ್ಕೆ ಹಾಕಿದರೆ 10 ಗಂಟೆಗೆ 375 ಮಿ.ಲೀ. ಉಳಿದಿರಬೇಕು, ಮಧ್ಯಾಹ್ನ 12ಕ್ಕೆ 250, ಸಂಜೆ 4ಕ್ಕೆ ಮುಗಿಯಬೇಕು. ಹಾದುಹೋಗುವ ಯಾರೇ ಆದರೂ ಒಂದು ನೋಟದಲ್ಲಿ ಹೇಳಬಹುದು, ಡ್ರಿಪ್ ಹಿಂದಿದೆಯೋ ಮುಂದಿದೆಯೋ ಎಂದು. ಮಧ್ಯಾಹ್ನ 12ಕ್ಕೆ 250ರ ಬದಲು 350 ಉಳಿದಿದೆ ಎನ್ನಿ. ಉಳಿದ 4 ಗಂಟೆಯಲ್ಲಿ ಅದನ್ನು ಮುಗಿಸಲು ನಿಮಿಷಕ್ಕೆ 29 ಹನಿ ಬೇಕು. ಲೆಕ್ಕ ಬಂತೆಂದು ರೋಲರ್ ತಿರುಗಿಸುವಂತಿಲ್ಲ. 21ರಿಂದ 29 ಎಂದರೆ ನೂರಕ್ಕೆ ಸುಮಾರು 40ರಷ್ಟು ಏರಿಕೆ. ಕಾಲು ಭಾಗಕ್ಕಿಂತ ಹೆಚ್ಚು ಏರಿಸಬೇಕಾಗಿ ಬಂದರೆ ಡಾಕ್ಟರನ್ನು ಕೇಳಬೇಕು ಎನ್ನುವುದು ಪಠ್ಯಪುಸ್ತಕಗಳಲ್ಲೇ ಇರುವ ರೂಢಿ. ಹಿಂದೆ ಬಿದ್ದ ಡ್ರಿಪ್ಪನ್ನು ಓಡಿಸಿ ಹಿಡಿಯುವುದು ಕಾಯಿಲೆಯವರ ಮೇಲೆ ಮಾಡುವ ಪ್ರಯೋಗ. ಇಂಥ ಪ್ರಶ್ನೆ ಪರೀಕ್ಷೆಯಲ್ಲಿ ಬರಬೇಕು. ನಿಮಿಷಕ್ಕೆ ಎಷ್ಟು ಹನಿ ಎಂದು ಕೇಳಿದ ಮೇಲೆ, ಇಷ್ಟು ಏರಿಸಬಹುದೇ, ಯಾರನ್ನು ಕೇಳಬೇಕು ಎಂದೂ ಕೇಳಬೇಕು.

ಡ್ರಿಪ್‌ನಲ್ಲಿ ಆಗುವ ತಪ್ಪು ಗಂಟೆಗಟ್ಟಲೆ ಕಣ್ಣಿಗೆ ಬೀಳುತ್ತಿರುತ್ತದೆ, ತಿದ್ದಲು ಸಮಯವಿರುತ್ತದೆ. ಸಿರಿಂಜಿನ ತಪ್ಪು ಹಾಗಲ್ಲ. ಅದಕ್ಕೆ ನಾನು ಆರಿಸಿಕೊಳ್ಳುವ ಉದಾಹರಣೆ ಮ್ಯಾಗ್ನೀಸಿಯಂ ಸಲ್ಫೇಟ್. ಬಾಣಂತಿ ವಾರ್ಡ್‌ನವರು ಮ್ಯಾಗ್‌ಸಲ್ಫ್ ಎನ್ನುತ್ತಾರೆ. ಬಸುರಿಯಲ್ಲಿ ಬಿಪಿ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾಕ್ಕೆ ಇದೇ ಮೊದಲ ಔಷಧಿ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಬಸುರಿಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ, ಬಿಪಿ ಏರಿದವರಿಗೆ ಇದನ್ನು ಮೊದಲೇ ಕೊಟ್ಟರೆ ಫಿಟ್ಸ್ ಬರುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ತೋರಿಸಿತು. ಅಷ್ಟು ಒಳ್ಳೆಯ ಔಷಧಿ. ಪ್ರಮಾಣ ಮೀರಿದರೆ ಉಸಿರಾಟವನ್ನೇ ನಿಲ್ಲಿಸುವಂಥದ್ದು ಕೂಡ.

ಆರ್ಡರ್ ಹೀಗಿದೆ: ಮ್ಯಾಗ್‌ಸಲ್ಫ್ 4 ಗ್ರಾಂ, ಶೇ. 20ರ ದ್ರಾವಣವಾಗಿ, ರಕ್ತನಾಳಕ್ಕೆ ನಿಧಾನವಾಗಿ. ಜೊತೆಗೆ ಎರಡೂ ಪಿರ್ರೆಯ ಆಳದ ಸ್ನಾಯುವಿಗೆ 5 ಗ್ರಾಂನಂತೆ, ಶೇ. 50ರ ದ್ರಾವಣ. ಟ್ರೇಯಲ್ಲಿರುವುದು 2 ಮಿ.ಲೀ.ಯ ಸಣ್ಣ ಆಂಪ್ಯೂಲ್‌ಗಳು, ಮೇಲೆ ಬರೆದಿರುವುದು ಶೇ. 50. ಈ ಶೇಕಡಾವೇ ಹುಡುಗಿಯರನ್ನು ಹೆದರಿಸುವುದು. ಇಲ್ಲಿ ಶೇ. 50 ಎಂದರೆ 100 ಮಿ.ಲೀ.ಯಲ್ಲಿ 50 ಗ್ರಾಂ ಔಷಧಿ. ಹಾಗಾದರೆ 1 ಮಿ.ಲೀ.ಯಲ್ಲಿ ಅರ್ಧ ಗ್ರಾಂ, 2 ಮಿ.ಲೀ.ಯ ಒಂದು ಆಂಪ್ಯೂಲ್‌ನಲ್ಲಿ ಸರಿಯಾಗಿ 1 ಗ್ರಾಂ. ಈ ಒಂದು ವಾಕ್ಯವನ್ನು ಮೊದಲು ಬರೆದುಕೊಂಡರೆ ಮುಂದಿನದ್ದೆಲ್ಲ ಸುಲಭ. 4 ಗ್ರಾಂಗೆ 4 ಆಂಪ್ಯೂಲ್, 8 ಮಿ.ಲೀ. ಅದನ್ನು ಶೇ. 20ಕ್ಕೆ ಇಳಿಸಬೇಕು. 20 ಗ್ರಾಂಗೆ 100 ಮಿ.ಲೀ. ಆದರೆ 4 ಗ್ರಾಂಗೆ 20 ಮಿ.ಲೀ. ಆಗಲೇ 8 ಇದೆ, ಇನ್ನು 12 ಮಿ.ಲೀ. ಸಲೈನ್ ಅಥವಾ ಇಂಜೆಕ್ಷನ್ ನೀರು ಸೇರಿಸಬೇಕು. ಒಟ್ಟು 20 ಮಿ.ಲೀ.ಯನ್ನು ಐದು ನಿಮಿಷಕ್ಕಿಂತ ಬೇಗ ತಳ್ಳದಂತೆ ಕೊಡಬೇಕು. ಸ್ನಾಯುವಿಗೆ ಕೊಡುವ 5 ಗ್ರಾಂಗೆ ಒಂದು ಕಡೆಗೆ 5 ಆಂಪ್ಯೂಲ್, 10 ಮಿ.ಲೀ.; ಎರಡೂ ಕಡೆ ಸೇರಿ 10 ಆಂಪ್ಯೂಲ್.

ತಪ್ಪು ಎಲ್ಲಿ ಆಗುತ್ತದೆ? ಲೆಕ್ಕ ಮಾಡಿದವಳು ಉತ್ತರ 20 ಮಿ.ಲೀ. ಎಂದು ಬರೆಯುತ್ತಾಳೆ. ಹಾಳೆಯ ಮೇಲೆ ಅದು ಸರಿ. ಆದರೆ ಆ 20 ಮಿ.ಲೀ. ತೆಳುಗೊಳಿಸಿದ ದ್ರಾವಣದ್ದು. ಅದನ್ನು ಮರೆತು ಆಂಪ್ಯೂಲ್‌ನಿಂದಲೇ ನೇರವಾಗಿ 20 ಮಿ.ಲೀ. ಎಳೆದರೆ ರಕ್ತನಾಳಕ್ಕೆ ಹೋಗುವುದು 4 ಗ್ರಾಂ ಅಲ್ಲ, 10 ಗ್ರಾಂ. ಸಾಮಾನ್ಯವಾಗಿ ಇಂಥ ತಪ್ಪನ್ನು ಆಂಪ್ಯೂಲ್‌ಗಳ ಎಣಿಕೆಯೇ ಹಿಡಿದುಕೊಡುತ್ತದೆ. ಒಂದು ಇಂಜೆಕ್ಷನ್‌ಗೆ ಹತ್ತು ಆಂಪ್ಯೂಲ್ ಒಡೆಯಬೇಕಾಗಿ ಬಂದರೆ ಯಾವ ಸಿಸ್ಟರ್ ಆದರೂ ಕೈ ತಡೆದು ಮತ್ತೆ ಓದುತ್ತಾರೆ. ಆದರೆ ಈ ಔಷಧಿಯಲ್ಲಿ ಆ ಕಾವಲು ಕೆಲಸ ಮಾಡುವುದಿಲ್ಲ. ಏಕೆಂದರೆ ಸ್ನಾಯುವಿಗೆ ಕೊಡಲು ಹತ್ತು ಆಂಪ್ಯೂಲ್ ಒಡೆಯುವುದೇ ಸರಿಯಾದ ಕ್ರಮ. ಹತ್ತು ಎಂಬ ಸಂಖ್ಯೆ ಯಾರನ್ನೂ ಎಚ್ಚರಿಸುವುದಿಲ್ಲ. ಇಲ್ಲಿ ಕಾಯುವುದು ಸಿರಿಂಜಿಗೆ ಅಂಟಿಸಿದ ಚೀಟಿ ಮತ್ತು ಇನ್ನೊಬ್ಬರು ಓದಿ ನೋಡುವುದು, ಇವೆರಡೇ. ಚೀಟಿಯ ಮೇಲೆ ಗ್ರಾಂ, ಮಿ.ಲೀ., ಶೇಕಡಾ, ಯಾವ ಮಾರ್ಗ ಎಂಬ ನಾಲ್ಕೂ ಇರಬೇಕು.

ಮುಂದಿನ ಡೋಸ್ ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಒಮ್ಮೆ ಒಂದು ಕಡೆ, ಮತ್ತೊಮ್ಮೆ ಇನ್ನೊಂದು ಕಡೆ. ಅದನ್ನು ಕೊಡುವ ಮೊದಲು ಮೂರು ವಿಷಯ ನೋಡಲೇಬೇಕು: ಉಸಿರಾಟ ನಿಮಿಷಕ್ಕೆ 16ಕ್ಕಿಂತ ಕಡಿಮೆಯಿಲ್ಲವೇ, ಮಂಡಿಯ ಕೆಳಗೆ ತಟ್ಟಿದರೆ ಕಾಲು ಚಿಮ್ಮುತ್ತದೆಯೇ, ಮೂತ್ರ ಗಂಟೆಗೆ 30 ಮಿ.ಲೀ. ಆದರೂ ಬಂದಿದೆಯೇ. ಮೂತ್ರದ ಲೆಕ್ಕ ಇದರಲ್ಲಿ ಸೇರಿರುವುದು ಮ್ಯಾಗ್ನೀಸಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ ಆದ್ದರಿಂದ. ಮೂತ್ರ ನಿಂತರೆ ಸರಿಯಾದ ಡೋಸ್ ಕೂಡ ದೇಹದಲ್ಲಿ ಉಳಿದು ಹೆಚ್ಚಾಗುತ್ತದೆ. ಪ್ರತಿಮದ್ದು ಕ್ಯಾಲ್ಸಿಯಂ ಗ್ಲೂಕೋನೇಟ್, ಶೇ. 10ರ 10 ಮಿ.ಲೀ., ಅಂದರೆ 1 ಗ್ರಾಂ. ಶೇಕಡಾ ಅರ್ಥವಾಗಿದ್ದರೆ ಈ 1 ಗ್ರಾಂ ಹೇಗೆ ಬಂತು ಎಂದು ವಿದ್ಯಾರ್ಥಿನಿ ತಾನೇ ಹೇಳಬೇಕು.

ಈ ಲೆಕ್ಕ ನಮ್ಮ ಕಡೆಗೆ ಏಕೆ ಅಷ್ಟು ಹತ್ತಿರದ್ದು ಎಂದರೆ, ಸರ್ಕಾರದ ಮಾರ್ಗಸೂಚಿಯ ಪ್ರಕಾರ ಹಳ್ಳಿಯ ಉಪಕೇಂದ್ರದ ಸಿಸ್ಟರ್ ಕೂಡ ಫಿಟ್ಸ್ ಬಂದ ಬಸುರಿಗೆ ಸ್ನಾಯುವಿನ ಆ ಮೊದಲ 10 ಗ್ರಾಂ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದು. ಮಾಗಡಿ ಕಡೆಯಿಂದಲೋ ಕನಕಪುರದ ಆಚೆಯಿಂದಲೋ ಹೊರಟ ತಾಯಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ ತಲುಪುವ ಹೊತ್ತಿಗೆ ಎಷ್ಟೋ ಹೊತ್ತು ಕಳೆದಿರುತ್ತದೆ. ಅಲ್ಲಿಯವರು ಮುಂದಿನ ಡೋಸ್ ಲೆಕ್ಕ ಹಾಕುವುದು ರೆಫರಲ್ ಚೀಟಿಯ ಮೇಲೆ ಬರೆದ ಸಮಯದಿಂದ. 10 ಗ್ರಾಂ ಕೊಟ್ಟದ್ದು 10.20ಕ್ಕೆ ಎಂದು ಬರೆದಿದ್ದರೆ ಮುಂದಿನದು 2.20ಕ್ಕೆ. ಬರೀ ಮ್ಯಾಗ್‌ಸಲ್ಫ್ ಕೊಡಲಾಗಿದೆ ಎಂದಿದ್ದರೆ ಎಷ್ಟು, ಯಾವ ಮಾರ್ಗ, ಯಾವಾಗ ಎಂಬುದು ಯಾರಿಗೂ ತಿಳಿಯದು. ಒಂದೋ ಮತ್ತೆ ಕೊಟ್ಟುಬಿಡುತ್ತಾರೆ, ಇಲ್ಲವೇ ಕೊಡದೆ ಕಾಯುತ್ತಾರೆ. ಎರಡೂ ಅಪಾಯ.

ಮಕ್ಕಳ ಡೋಸ್‌ನಲ್ಲಿ ಬೇರೆ ಒಂದು ಪದ ಕಣ್ತಪ್ಪುತ್ತದೆ. 12 ಕೆ.ಜಿ. ತೂಕದ ಮಗುವಿಗೆ ಅಮಾಕ್ಸಿಸಿಲಿನ್, ಕೆ.ಜಿ.ಗೆ ದಿನಕ್ಕೆ 40 ಮಿ.ಗ್ರಾಂ., ಮೂರು ಸಲ ಹಂಚಿ ಎಂಬ ಆರ್ಡರ್. ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ. ದಿನಕ್ಕೆ 480 ಮಿ.ಗ್ರಾಂ., ಒಂದು ಸಲಕ್ಕೆ 160. ಬೇಕಾದ 160ನ್ನು ಇರುವ 125ರಿಂದ ಭಾಗಿಸಿ 5ರಿಂದ ಗುಣಿಸಿದರೆ 6.4 ಮಿ.ಲೀ. ದಿನಕ್ಕೆ ಎಂಬುದನ್ನು ಬಿಟ್ಟು ಓದಿದವಳು ಒಂದು ಸಲಕ್ಕೇ 19.2 ಮಿ.ಲೀ. ಎಂದು ಬರೆಯುತ್ತಾಳೆ. ಇಲ್ಲಿ ನಾನು ಮಕ್ಕಳಿಗೆ ಹೇಳುವುದು ಒಂದೇ ಮಾತು: ಉತ್ತರ ಬಂದ ಮೇಲೆ ಬಾಟ್ಲಿಯ ಕಡೆ ನೋಡಿ. ಸಲಕ್ಕೆ 19.2ರಂತೆ ಮೂರು ಸಲ ಕುಡಿಸಿದರೆ 60 ಮಿ.ಲೀ.ಯ ಬಾಟ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ. ಅಷ್ಟು ಸಿರಪ್ ಯಾವ ತಾಯಿ ತಾನೇ ಒಂದು ದಿನದಲ್ಲಿ ಕುಡಿಸುತ್ತಾಳೆ? ಇಂಥ ಅಂದಾಜು ಬಂದವರಿಗೆ ದಶಮಾಂಶ ಬಿಂದು ಜಾರಿದರೂ ತಕ್ಷಣ ಗೊತ್ತಾಗುತ್ತದೆ.

ಈಗ ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನ ಬೇಡಿಕೆ. ಬಿ.ಎಸ್ಸಿ. ನರ್ಸಿಂಗ್ ಪರೀಕ್ಷೆ ನಡೆಸುವುದು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಡಿಪ್ಲೊಮಾದವರಿಗೆ ರಾಜ್ಯದ ಪ್ರತ್ಯೇಕ ಪರೀಕ್ಷಾ ಮಂಡಳಿ ಇದೆ. ಓದು ಮುಗಿದ ಮೇಲೆ ಏಮ್ಸ್ 2020ರಿಂದ ನಡೆಸುತ್ತಿರುವ ನಾರ್ಸೆಟ್‌ನಂಥ ನೇಮಕಾತಿ ಪರೀಕ್ಷೆಗಳಿವೆ. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಸೆಮಿಸ್ಟರ್ ಪದ್ಧತಿಯ ಹೊಸ ಪಠ್ಯಕ್ರಮ ತಂದಿದೆ, ಡೋಸ್ ಲೆಕ್ಕವನ್ನು ಮೊದಲ ವರ್ಷದಲ್ಲೇ ಇಟ್ಟಿದೆ. ಪಾಠ ಬೇಗ ಶುರುವಾಗುವುದು ಒಳ್ಳೆಯದೇ. ಆದರೆ ಪ್ರಶ್ನೆ ಹಳೆಯದೇ ಆಗಿದ್ದರೆ ಮಕ್ಕಳು ಕಲಿಯುವುದೂ ಹಳೆಯದನ್ನೇ.

ಹನಿ ಸಂಖ್ಯೆಯನ್ನು ಪ್ರಶ್ನೆಯ ವಾಕ್ಯದಲ್ಲಿ ಹೇಳಿಕೊಡಬೇಡಿ, ಸೆಟ್‌ನ ಪ್ಯಾಕೆಟ್‌ನ ಚಿತ್ರವನ್ನೇ ಅಚ್ಚು ಹಾಕಿ. ವಿದ್ಯಾರ್ಥಿನಿ ಹುಡುಕಿ ಓದಲಿ. ಸೆಟ್ ಯಾವುದೆಂದು ಹೇಳದೆ ಹನಿ ಕೇಳುವ ಪ್ರಶ್ನೆಯನ್ನಂತೂ ಕೊಡಲೇಬೇಡಿ. ಅದಕ್ಕೆ ಮೂರು ಉತ್ತರಗಳಿವೆ, ಮೂರೂ ಸರಿ. ಮಕ್ಕಳು ಅಲ್ಲಿ ಕಲಿಯುವುದು 15 ಎಂದು ಊಹಿಸಿಕೊಳ್ಳುವುದನ್ನು. ಆಂಪ್ಯೂಲ್‌ನ ಲೇಬಲ್ ಕೊಡಿ, ಕೇಸ್ ಶೀಟ್‌ನಲ್ಲಿ ಇರುವಂತೆಯೇ ಆರ್ಡರ್ ಕೊಡಿ. ಮಾನ ಬರೆಯದ ಉತ್ತರಕ್ಕೆ ಅಂಕ ಕೊಡಬೇಡಿ. ಬರೀ 20 ಎಂದು ಬರೆದರೆ ಅದು ಹನಿಯೋ, ಮಿ.ಲೀ.ಯೋ, ಗ್ರಾಮೋ ಯಾರಿಗೆ ಗೊತ್ತು? ಒಂದು ಅಂಕವನ್ನಾದರೂ ತಾಳೆ ನೋಡುವುದಕ್ಕೆ ಮೀಸಲಿಡಿ: ಬಾಟ್ಲಿ ಎಷ್ಟು ಗಂಟೆಗೆ ಮುಗಿಯಬೇಕು, ಎಷ್ಟು ಆಂಪ್ಯೂಲ್ ಒಡೆಯಬೇಕು, ಸಿರಪ್ ಎಷ್ಟು ದಿನ ಬರಬೇಕು.

ಕಾಲೇಜುಗಳಿಗೆ ಇದಕ್ಕಾಗಿ ಹೆಚ್ಚು ಖರ್ಚೇನೂ ಬರುವುದಿಲ್ಲ. ಒಂದು 20ರ ಸೆಟ್, ಒಂದು ಮೈಕ್ರೋ ಸೆಟ್, ಅವಧಿ ಮುಗಿದ ಒಂದು ಸಲೈನ್ ಬಾಟ್ಲಿ, 10 ಮಿ.ಲೀ.ಯ ಒಂದು ಸಿರಿಂಜ್, ಒಂದು ಲೋಟ ಸಾಕು. 20ರ ಸೆಟ್‌ನಿಂದ 100 ಹನಿ ಎಣಿಸಿ ಲೋಟಕ್ಕೆ ಬಿಡಿಸಿ, ಆಮೇಲೆ ಸಿರಿಂಜಿನಿಂದ ಎಳೆದು ಅಳೆಯಿಸಿ. 5 ಮಿ.ಲೀ. ಹತ್ತಿರ ಬರುತ್ತದೆ. ಮೈಕ್ರೋ ಸೆಟ್‌ನಿಂದ ಅಷ್ಟೇ ಹನಿ ಬಿಟ್ಟರೆ ಎರಡು ಮಿ.ಲೀ. ಕೂಡ ತುಂಬುವುದಿಲ್ಲ. ನಮ್ಮ ಮನೆಯ ಜಗುಲಿಯಲ್ಲಿ ಇದನ್ನು ಮಾಡಿಸಿದ ದಿನದಿಂದ ಹದಿನೈದೋ ಇಪ್ಪತ್ತೋ ಎಂದು ಮಕ್ಕಳು ನನ್ನನ್ನು ಕೇಳುವುದಿಲ್ಲ. ಸೆಟ್ ಯಾವುದು ಸಾರ್ ಎಂದು ಕೇಳುತ್ತಾರೆ.